ಒತ್ತಕ್ಷರಕ್ಕೆ ಏಳು ಚೌಕ

"ಆಯೀ, ನೂರಜ್ಜ ಅಕ್ಷರ ಬರದು ರಸ್ತೆ ದಾಟ್ತ ಎಂತಕ್ಕೆ?"

ನನ್ನ ಮಗಳು ದೀಕ್ಷಿತಾ ಇದನ್ನು ಕೇಳಿದಾಗ ಅವಳು ಒಂದನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಮನೆಗೆ ಕರೆದೊಯ್ಯುವವರಿಲ್ಲದೆ ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿಗೇ ಬಂದು, ಕಾಗದದ ರೀಮುಗಳ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದಳು. ಶಿರಸಿಯ ಯಲ್ಲಾಪುರ ನಾಕೆಯ ಹತ್ತಿರ ವೀರಪ್ಪನವರ ಪ್ರೆಸ್ಸು. ನಾನು ಅಲ್ಲಿ ಡಿ.ಟಿ.ಪಿ. ಮಾಡುತ್ತಿದ್ದೆ. ಅವಳು ಕೇಳಿದ ಹೊತ್ತಿಗೆ ನೂರ್ ಅಹ್ಮದ್ ಸಾಬರು ಪುಸ್ತಕವೊಂದರ ರಕ್ಷಾಪುಟಕ್ಕೆ ಬರೆದ ಹೆಸರನ್ನು ನಮ್ಮ ಬಾಗಿಲಿಗೆ ಪಿನ್ನು ಹೊಡೆದು ಸಿಕ್ಕಿಸಿ, ಎದುರಿನ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ನಡುವೆ ಒಂದು ಲಾರಿ ಬಂತು. ಅದು ದಾಟಿ ಹೋದಾಗಲೂ ಅವರು ಹಾಗೇ ನಿಂತಿದ್ದರು.

"ದೂರದಿಂದ ಓದಲೆ ಬತ್ತ ಇಲ್ಯ ನೋಡಲೆ" ಎಂದೆ.

"ಪುಸ್ತಕ ದೂರದಿಂದ ಓದ್ತ್ವನೆ?"

ಆ ಹತ್ತು ದಿನ ನಾವೆಲ್ಲ ಪರದಾಡಿದ್ದು ಇದೇ ಪ್ರಶ್ನೆಯ ಸುತ್ತ ಎಂದು ನನ್ನ ಡೈರಿ ತೆಗೆದು ನೋಡಿದರೆ ಈಗ ಅನಿಸುತ್ತದೆ. ಅದು ೨೦೦೬ರ ಆಗಸ್ಟು.

ನೂರ್ ಸಾಬರಿಗೆ ಆಗ ಐವತ್ತೊಂಬತ್ತು. ಹುಬ್ಬಳ್ಳಿಯ ಪೇಂಟರೊಬ್ಬರ ಕೈಕೆಳಗೆ ಆರು ವರ್ಷ ಡಬ್ಬ ತೊಳೆದು ಕಲಿತ ವಿದ್ಯೆ. ಶಿರಸಿ ಪೇಟೆಯ ಅರ್ಧ ಅಂಗಡಿಗಳ ಹೆಸರು ಒಂದು ಕಾಲಕ್ಕೆ ಅವರ ಕೈಯದ್ದು. ಜವಳಿ ಅಂಗಡಿಗೆ ನೆರಳು ಬಿಟ್ಟ ಅಕ್ಷರ, ಆಸ್ಪತ್ರೆಗೆ ನೀಟಾದ ನೀಲಿ, ಲಾರಿಯ ಹಿಂದೆ ಹೂಬಳ್ಳಿ. ಫ್ಲೆಕ್ಸ್ ಬಂದ ಮೇಲೆ ಒಂದೊಂದೇ ಬೋರ್ಡು ಇಳಿಯಿತು. ಇಳಿಸಿದ ತಗಡನ್ನು ಕೆಲವರು ದನದ ಕೊಟ್ಟಿಗೆಯ ಮಾಡಿಗೆ ಹೊದಿಸಿಕೊಂಡಿದ್ದರು. ಸಿದ್ದಾಪುರದ ನನ್ನ ತವರಿನ ದಾರಿಯಲ್ಲೇ ಅಂಥದ್ದೊಂದಿದೆ. ಎಮ್ಮೆಯ ತಲೆಯ ಮೇಲೆ "ಜವಳಿ ಮಳಿಗೆ" ಎಂದು ಎಷ್ಟು ಚಂದ ಕಾಣುತ್ತದೆ. ಅದನ್ನು ಅವರಿಗೆ ಹೇಳಿದಾಗ ನಕ್ಕು, "ಎಮ್ಮೆಗೆ ಓದ್ಲಿಕ್ಕೆ ಬಂದ್ರೆ ಸಾಕು ಪರಿಮಳಕ್ಕ, ನನ್ನ ಗಿರಾಕಿ ಈಗ ಅದೇ" ಎಂದಿದ್ದರು.

ಅವರಿಗೆ ಈ ಕೆಲಸ ಸಿಕ್ಕಿದ್ದು ಗಣಪಣ್ಣನ ಹಟದಿಂದ. ಗಣಪಣ್ಣ ಉಮ್ಮಚಗಿಯವರು. ಮೂವತ್ತು ವರ್ಷ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಒಂದು ಕಾದಂಬರಿ ಬರೆದರು: 'ದೊಡ್ಡಪ್ಪನ ಕಟ್ಟಿಗೆ ಡಿಪೋ'. ತಾವೇ ಪ್ರಕಾಶಕರು, ಮುದ್ರಣ ನಮ್ಮಲ್ಲಿ. ಹಸ್ತಪ್ರತಿ ಕೊಡುವಾಗಲೇ ಅವರು ಮೇಜು ಕುಟ್ಟಿ ಹೇಳಿದ್ದರು:

"ತಂಗೀ, ಆ ಡಿಪೋದ ಬೋರ್ಡು ಬರದವ್ನೇ ಇದ್ರ ಹೆಸರನ್ನೂ ಬರಿಯವು. ಎಪ್ಪತ್ತೆಂಟರಲ್ಲಿ ನೂರ್ ಸಾಬ ಏಣಿ ಹತ್ತಿ ಬರಿತಿದ್ದಾಗ ಆನು ಕೆಳಗೆ ಏಣಿ ಹಿಡಕಂಡಿದ್ದೆ. ಕಂಪ್ಯೂಟರ್ ಅಕ್ಷರ ಎಂಗೆ ಬ್ಯಾಡ."

ನೂರ್ ಸಾಬರು ಒಂಬತ್ತು ದಿನ ತೆಗೆದುಕೊಂಡರು. ತಂದಾಗ ನಾವೆಲ್ಲ ಮೆಷಿನು ನಿಲ್ಲಿಸಿ ನೋಡಿದೆವು. ಕಂದು ಹಿನ್ನೆಲೆಯ ಮೇಲೆ ಅರಿಸಿನದಂಥ ಅಕ್ಷರ, ಸುತ್ತ ಕೆಂಪು ಅಂಚು, ಅದರಾಚೆ ಮೂರು ಮೆಟ್ಟಿಲಾಗಿ ಇಳಿಯುವ ನೆರಳು. ಪ್ರತಿ ಅಕ್ಷರದ ತಲೆಯ ಮೇಲೆ ಬಿಳಿಯ ಒಂದು ಮಿಂಚು, ಈಗಷ್ಟೇ ಎಣ್ಣೆ ಒರೆಸಿದ ಮರದ ಹಾಗೆ. ಹೆಸರಿನಲ್ಲಿ ಮೂರು ಒತ್ತಕ್ಷರ ಇದ್ದವಲ್ಲ, ಡ್ಡ, ಪ್ಪ, ಟ್ಟಿ. ಅವುಗಳ ಒತ್ತನ್ನು ಬಳ್ಳಿಯ ಕುಡಿಯಂತೆ ಸುರುಳಿ ಮಾಡಿ ಕೆಳಗಿನ ಸಾಲಿಗೆ ಇಳಿಬಿಟ್ಟಿದ್ದರು. ಪಕಾರದ ಒತ್ತು ಹೋಗಿ 'ಕಟ್ಟಿಗೆ'ಯ ಗುಡಿಸಿಗೆ ಸುತ್ತಿಕೊಂಡಿತ್ತು. ಗಣಪಣ್ಣನ ಕಣ್ಣು ತುಂಬಿತು. ಅವರು ಅಕ್ಷರದ ಮೇಲೆ ಬೆರಳಾಡಿಸಲು ಹೋದಾಗ ಸಾಬರು ಕೈ ಹಿಡಿದು, "ಒಣಗ್ಲಿಲ್ಲ ಗಣಪಣ್ಣ, ಒಣಗ್ಲಿಲ್ಲ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಗಣಪಣ್ಣನ ಪುಸ್ತಕವನ್ನು ಇಡುವುದೆಲ್ಲಿ? ಶಿರಸಿಯಲ್ಲಿ ಪುಸ್ತಕದ ಅಂಗಡಿ ಎಂದರೆ ಗೈಡು, ಪಂಚಾಂಗ. ಬೆಂಗಳೂರಿನಲ್ಲಿ ಕೆಲವರು ಇಂಟರ್ನೆಟ್ಟಿನಲ್ಲಿ ಕನ್ನಡ ಪುಸ್ತಕ ಮಾರಲು ಶುರು ಮಾಡಿದ್ದರು. ವಿಚಾರಿಸಿದ್ದು ನಾನೇ. ಅಲ್ಲಿ ಸ್ಫೂರ್ತಿ ಎಂಬ ಹುಡುಗಿ ಫೋನಿನಲ್ಲಿ ಎಲ್ಲ ವಿವರಿಸಿದಳು. ಒಂದು ಪುಟದಲ್ಲಿ ಇಪ್ಪತ್ತು ಪುಸ್ತಕ, ಒಂದೊಂದರ ಚಿತ್ರ ಅಂಚೆಚೀಟಿಗಿಂತ ತುಸು ದೊಡ್ಡದು. ಅಡಿಯಲ್ಲಿ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಯಾಕೆಂದರೆ ಕನ್ನಡ ಅಕ್ಷರ ಹಾಕಿದರೆ ಎಷ್ಟೋ ಜನರ ಕಂಪ್ಯೂಟರಿನಲ್ಲಿ ಬರೀ ಡಬ್ಬಿ ಡಬ್ಬಿ ಮೂಡುತ್ತಿತ್ತು. ಹಾಗಾಗಿ ಕನ್ನಡದಲ್ಲಿ ಹೆಸರು ಓದಬೇಕೆಂದರೆ ಆ ಚಿತ್ರ ಒಂದೇ ಗತಿ. ಸೆಪ್ಟೆಂಬರಿನ ಹೊಸ ಪುಸ್ತಕಗಳ ಪುಟಕ್ಕೆ ಇಪ್ಪತ್ತನೇ ತಾರೀಕಿನೊಳಗೆ ರಕ್ಷಾಪುಟದ ಚಿತ್ರ ತಲುಪಬೇಕು ಎಂದಳು. ಬಣ್ಣದ ರಕ್ಷಾಪುಟ ಹುಬ್ಬಳ್ಳಿಯಲ್ಲಿ ಅಚ್ಚಾಗಬೇಕಿದ್ದದ್ದೂ ಆ ವಾರವೇ.

ಸ್ಕ್ಯಾನ್ ಮಾಡಿ ಕಳಿಸಿದೆ. ನಮ್ಮ ಟೆಲಿಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಆ ಒಂದು ಚಿತ್ರ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಫೋನು ಎಂಗೇಜು ಎಂದು ವೀರಪ್ಪನವರು ನನ್ನ ಬೆನ್ನ ಹಿಂದೆ ಓಡಾಡಿದರು. ಮರುದಿನ ಸ್ಫೂರ್ತಿಯ ಫೋನು:

"ಮೇಡಂ, ತಪ್ಪು ತಿಳ್ಕೋಬೇಡಿ. ಇದು ಚಕ್ಕುಲಿ ತಟ್ಟೆ ಫೋಟೋನಾ? ಅಡುಗೆ ಪುಸ್ತಕದ ಸಾಲಿಗೆ ಹಾಕ್ಲಾ?"

ನನಗೆ ಮೈಯೆಲ್ಲ ಉರಿಯಿತು. ಆದರೂ ಚಿತ್ರವನ್ನು ನಮ್ಮ ತೆರೆಯ ಮೇಲೆ ಅವಳು ಹೇಳಿದ ಅಳತೆಗೆ ಇಳಿಸಿದೆ: ಅಗಲ ತೊಂಬತ್ತು ಚುಕ್ಕಿ, ಅಂದರೆ ಪಿಕ್ಸೆಲ್, ಎತ್ತರ ನೂರ ಮೂವತ್ತು. ಅವಳು ಹೇಳಿದ್ದು ನಿಜ. ಅಕ್ಷರ, ಅಂಚು, ನೆರಳು ಮೂರೂ ಕಲಸಿ ಕಿತ್ತಳೆ ಬಣ್ಣದ ಸುರುಳಿಗಳಾಗಿದ್ದವು. ಕೆಂಪು ಪಕ್ಕದ ಕಂದಿಗೆ ಹರಡಿತ್ತು. ಒತ್ತುಗಳಂತೂ ಇರುವೆ ಸತ್ತು ಬಿದ್ದ ಹಾಗೆ. ಸಣ್ಣ ಪುಟಕ್ಕೆಂದೇ ಬೇರೆ ಚಿತ್ರ ಕೊಡಬಹುದೇ ಎಂದು ಕೇಳಿದ್ದಕ್ಕೆ, ಕೊಟ್ಟ ಒಂದೇ ಚಿತ್ರದಿಂದ ಅವರ ಯಂತ್ರ ಎಲ್ಲ ಅಳತೆಯನ್ನೂ ತಾನೇ ಮಾಡಿಕೊಳ್ಳುತ್ತದೆ, ಕೊಂಡವರ ಕೈಗೂ ಅದೇ ಮುಖದ ಪುಸ್ತಕ ಹೋಗಬೇಕು ಎಂದಳು.

ನೂರ್ ಸಾಬರನ್ನು ಕರೆಸಿ ತೋರಿಸಿದೆ. ಅವರು ತೆರೆಗೆ ಮೂಗು ತಾಗುವಷ್ಟು ಬಗ್ಗಿದರು.

"ಇದು ನಂದಲ್ಲ."

"ನಿಮ್ಮದೇ ಸಾಬ್ರೆ. ಸಣ್ಣ ಮಾಡಿದ್ದು."

"ಸಣ್ಣ ಮಾಡಿದ್ರೆ ಸಣ್ಣ ಕಾಣ್ಬೇಕು. ಇದು ಕೆಟ್ಟಿದೆ. ನಿಮ್ಮ ಮಷಿನ್ ಕೆಟ್ಟಿದೆ."

"ಬೆಂಗಳೂರಲ್ಲೂ ಹೀಗೇ ಕಾಣ್ತದಂತೆ."

"ಹಂಗಾದ್ರೆ ಅದೂ ಕೆಟ್ಟಿದೆ" ಎಂದು ಹೇಳಿ ಎದ್ದರು. ಬಾಗಿಲ ತನಕ ಹೋಗಿ ತಿರುಗಿ ಬಂದರು. "ಸಣ್ಣದು ಅಂದ್ರೆ ದೂರದ್ದು ಅಂತಲೇ ಅಲ್ವಾ? ದೂರದ್ದು ಬರೆಯೋದು ನಂಗೆ ನೀವು ಹೇಳಿಕೊಡ್ಬೇಕಾ? ನಾಲ್ಕು ದಿನ ಕೊಡಿ."

ನಾಲ್ಕು ದಿನ ಬಿಟ್ಟು ತಂದದ್ದನ್ನೇ ಅವರು ಬಾಗಿಲಿಗೆ ಸಿಕ್ಕಿಸಿ ರಸ್ತೆ ದಾಟಿದ್ದು. ಬಣ್ಣಗಳು ಅವೇ. ಅಕ್ಷರ ಮೊದಲಿನದಕ್ಕಿಂತ ಎರಡು ಪಟ್ಟು ದಪ್ಪ, ಜಿಮಖಾನೆಯ ಪೈಲ್ವಾನರು ಸಾಲಾಗಿ ನಿಂತ ಹಾಗೆ. ಸೈಕಲ್ ಅಂಗಡಿಯ ಕಟ್ಟೆಯಿಂದ ಅವರು ಕೂಗಿದರು:

"ಓದ್ಲಿಕ್ಕೆ ಬರ್ತದೆ! ದೊಡ್ಡಪ್ಪನ! ಕಟ್ಟಿಗೆ! ಡಿಪೋ!"

ವೀರಪ್ಪನವರು ಹಾವೇರಿ ಕಡೆಯವರು. ಅಲ್ಲಿಂದ ಇಪ್ಪತ್ತು ವರ್ಷದ ಹಿಂದೆ ಬಂದು ಪ್ರೆಸ್ಸು ಹಾಕಿದರೂ ಮಾತು ಮಾತ್ರ ಅಲ್ಲಿಯದೇ. ಬಾಗಿಲಲ್ಲಿ ನಿಂತು ಕೂಗಿಯೇ ಉತ್ತರ ಕೊಟ್ಟರು:

"ಏನ್ ಬರದೀರಿ ಅನ್ನೋದು ನಿಮಗ ಗೊತ್ತೈತಲ್ರಿ ಸಾಬ್ರ! ಕಣ್ಣು ಮುಚ್ಚಿದ್ರೂ ಓದ್ತೀರಿ! ಒಳಗ ಬರ್ರಿ, ಲಾರಿ ಬಡದೀತು!"

ಕಂಪ್ಯೂಟರಿನಲ್ಲಿ ಇದು ಮೊದಲನೆಯದಕ್ಕಿಂತ ಹಾಳಾಗಿತ್ತು. ಮೊದಲಿನದರಲ್ಲಿ ಸುರುಳಿಯಾದರೂ ಇತ್ತು, ಇದರಲ್ಲಿ ಬರೀ ಉಂಡೆ. ದಪ್ಪ ಮಾಡಿದಷ್ಟೂ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ತುಂಬಿ, ಡಕಾರ ಯಾವುದು ದಕಾರ ಯಾವುದು ಹೇಳುವಂತಿರಲಿಲ್ಲ. ನಾನು ಇದನ್ನು ಹೇಗೆ ಹೇಳಲಿ? ಅವರ ಬೆರಳ ಸಂದಿಯಲ್ಲಿ ಇನ್ನೂ ಹಳದಿ ಬಣ್ಣ ಹೋಗಿರಲಿಲ್ಲ. ಸುಮ್ಮನೆ ತೆರೆಯನ್ನು ಅವರ ಕಡೆ ತಿರುಗಿಸಿದೆ.

ಅವರು ತುಂಬ ಹೊತ್ತು ನೋಡಿದರು. "ಈ ಡಬ್ಬಿಗೆ ಕಣ್ಣಿಲ್ಲ" ಎಂದರು.

"ಡಬ್ಬಿಗಿ ಕಣ್ಣಿಲ್ಲ, ನಮಗ ಟೈಮಿಲ್ಲ" ಎಂದರು ವೀರಪ್ಪನವರು. "ಪರಿಮಳಾ ಬಾಯಾರ, ಕಂಪ್ಯೂಟರ್‌ನ್ಯಾಗ ಒಂದು ದಪ್ಪಂದು ಅಕ್ಷರ ಹಾಕ್ರಿ, ಮುಗಸ್ರಿ. ಶುಕ್ರವಾರ ಹುಬ್ಬಳ್ಳಿಗಿ ಹೋಗಬೇಕು. ಸಾಬ್ರ, ನಿಮ್ಮ ಕೆಲಸದ ರೊಕ್ಕ ನಿಮಗ ಕೊಡ್ತೀನಿ, ಅದ್ರಾಗ ಎರಡು ಮಾತಿಲ್ಲ."

ನೂರ್ ಸಾಬರು ಎದ್ದು ನಿಂತರು. ಬಾಗಿಲಿನ ಪಿನ್ನು ಕಿತ್ತು, ಹಾಳೆ ಮಡಚದೆ ಸುರುಳಿ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು.

"ಅಂಗಡಿ ಬೋರ್ಡು ಹೋಯ್ತು, ಮಾತಾಡ್ಲಿಲ್ಲ. ಲಾರಿದು ಹೋಯ್ತು, ಮಾತಾಡ್ಲಿಲ್ಲ. ಪುಸ್ತಕದ ಮೇಲೆ ನನ್ನ ಕೈ ಇದೊಂದೇ ಸಲ. ಕೆಲಸ ಇಲ್ಲದಿದ್ರೆ ಕೆಲಸದ್ದು ಎಂತಕ್ಕೆ ವೀರಪ್ಪಣ್ಣ?"

ಅವರು ಹೋದ ಮೇಲೆ ನಾನು ಕಂಪ್ಯೂಟರಿನ ಅಕ್ಷರ ಹಾಕಿಯೂ ನೋಡಿದೆ. ಸತ್ಯ ಹೇಳುತ್ತೇನೆ, ಅದೂ ನೆಟ್ಟಗಿರಲಿಲ್ಲ. ಅದನ್ನು ಮಾಡಿದವರು ಪುಸ್ತಕದೊಳಗಿನ ಸಾಲಿಗೆ ಮಾಡಿದ್ದು. ಅದರ ಒತ್ತಿನ ಗಾತ್ರವೂ ಚಿಕ್ಕದೇ. 'ದೊಡ್ಡಪ್ಪನ' ಎಂಬಲ್ಲಿ ಕೆಳಗೆ ಎರಡು ಚುಕ್ಕೆ ಇಟ್ಟಂತೆ ಕಂಡಿತು. ಆದರೂ ಸಾಬರದಕ್ಕಿಂತ ವಾಸಿ, ಅಂದಾಜಿನ ಮೇಲೆ ಓದಬಹುದು. ಗಣಪಣ್ಣನಿಗೆ ಉಮ್ಮಚಗಿಗೆ ಫೋನು ಮಾಡಿದೆ.

"ಗಣಪಣ್ಣ, ಸಾಬರ ಅಕ್ಷರ ಕಾಣ್ತಿಲ್ಲೆ. ಹೆಸರಾದ್ರೂ ಸಣ್ಣ ಮಾಡಲಾಗ್ತ? 'ಕಟ್ಟಿಗೆ ಡಿಪೋ' ಅಷ್ಟೇ ಇಡನ?"

"ದೊಡ್ಡಪ್ಪ ಇಲ್ದೆ ಡಿಪೋ ಎಲ್ಲಿತ್ತೆ ಮಾರಾಯ್ತಿ?"

"ಹಂಗಾರೆ ಕಂಪ್ಯೂಟರ್ ಅಕ್ಷರ ಹಾಕವು."

"ನೂರಂಗೆ ಆನು ಎಂತ ಹೇಳಲಿ?" ಎಂದರು. "ನೀನೇ ಹೇಳಿಬಿಡು ತಂಗೀ."

ಎಲ್ಲರೂ ನನ್ನ ಮೇಲೇ ಹಾಕುತ್ತಾರೆ. ಆ ದಿನದ ಡೈರಿಯಲ್ಲಿ ಇದೊಂದೇ ಸಾಲಿದೆ.

ಹೇಳಲೆಂದು ಮರುದಿನ, ಬುಧವಾರ, ದೀಕ್ಷಿತಾಳನ್ನು ಶಾಲೆಯಿಂದ ಕರೆದುಕೊಂಡು ಹಾಗೇ ಸಾಬರ ಮನೆಗೆ ಹೋದೆ. ಅವರ ಹೆಂಡತಿ ಚಾಂದ್ ಬಿ ಬಾಗಿಲು ತೆರೆದು, ಮೊದಲು ಮಗುವಿಗೆ ಎರಡು ನಾನ್‌ಖಟಾಯಿ ಕೊಟ್ಟು, ಆಮೇಲೆ ನನಗೆ ಪಿಸುಗುಟ್ಟಿದರು:

"ನಿನ್ನೆಯಿಂದ ಬ್ರಷ್ ತೊಳಿತಾ ಕೂತಿದಾರೆ. ಅದ್ರಲ್ಲಿ ತೊಳಿಲಿಕ್ಕೆ ಏನೂ ಉಳಿದಿಲ್ಲ."

ಸಾಬರು ಹಿತ್ತಿಲ ಕಡೆಯ ಜಗಲಿಯಲ್ಲಿದ್ದರು. ಗೋಡೆಗೆ ತಗಡಿನ ಉದ್ದ ಪಟ್ಟಿಗಳನ್ನು ಒರಗಿಸಿಟ್ಟಿತ್ತು. ಹಳೆಯ ಬಸ್ಸಿನ ಬೋರ್ಡುಗಳು: ಶಿರಸಿ–ಸಿದ್ದಾಪುರ, ಶಿರಸಿ–ಯಲ್ಲಾಪುರ. ಬಸ್ಸಿನ ಮುಂದಿನ ಗಾಜಿನ ಹಿಂದೆ ಇಡುತ್ತಿದ್ದ ಬೋರ್ಡುಗಳನ್ನು ಹದಿನೈದು ವರ್ಷ ಅವರೇ ಬರೆದಿದ್ದರಂತೆ. ಉಳಿದ ತಗಡುಗಳಿವು. ನಾನು ಕೂತು, ಮಾತು ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುತ್ತಿರುವಾಗ ದೀಕ್ಷಿತಾ ನಾನ್‌ಖಟಾಯಿ ತಿನ್ನುತ್ತ ಆ ತಗಡನ್ನು ಗಟ್ಟಿಯಾಗಿ ಓದಿದಳು. "ಶಿ, ರ, ಸಿ. ಸಿ, ದ್ದಾ, ಪು, ರ."

ಅಂಗಳದ ಆ ತುದಿಯಲ್ಲಿ ಬಕೆಟ್ಟಿನ ಪಕ್ಕ ನಿಂತಿದ್ದಳು ಅವಳು. ನಾನು ಆ ತಗಡನ್ನು ನೋಡಿದೆ. ಅದರ ಅಕ್ಷರ ಸಾಬರದು ಅನಿಸುವಂತೆಯೇ ಇರಲಿಲ್ಲ. ನೆರಳಿಲ್ಲ, ಅಂಚಿಲ್ಲ, ಕಪ್ಪಿನ ಮೇಲೆ ಬರೀ ಬಿಳಿ. ದ್ದಾ ಎಂಬಲ್ಲಿ ಕೆಳಗಿನ ಒತ್ತು ಮೇಲಿನ ಅಕ್ಷರದ ಅರ್ಧದಷ್ಟು ದೊಡ್ಡದು, ಸ್ವಲ್ಪ ಬಲಕ್ಕೆ ಸರಿದು ಆರಾಮಾಗಿ ಕೂತಿತ್ತು.

"ಸಾಬ್ರೆ, ಇದರಲ್ಲಿ ಒತ್ತು ಎಂತಕ್ಕೆ ಇಷ್ಟು ದೊಡ್ಡದು?"

"ಬಸ್ಸಲ್ವಾ" ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಬಸ್ಸು ನಿಲ್ಲೋದಿಲ್ಲ. ನಿಂತ ಮನುಷ್ಯನಿಗೆ ಯಾವ ಬಸ್ಸು ಬರ್ತದೆ ಗೊತ್ತಿಲ್ಲ. ಅವ ಓದಿ, ಕೈ ಎತ್ಬೇಕು, ಅಷ್ಟರೊಳಗೆ ಡ್ರೈವರ್ ನೋಡ್ಬೇಕು. ಅಂಗಡಿ ಬೋರ್ಡು ಹಂಗಲ್ಲ. ಅಂಗಡಿ ಎಲ್ಲಿ ಹೋಗ್ತದೆ? ಗಿರಾಕಿಗೆ ಹೆಸರು ಮೊದ್ಲೇ ಗೊತ್ತಿರ್ತದೆ, ಚಂದ ನೋಡ್ತಾನೆ ಅಷ್ಟೇ..."

ಅಲ್ಲಿಗೆ ನಿಲ್ಲಿಸಿದರು. ಅವರು ಕೈಯಲ್ಲಿದ್ದ ಬ್ರಷ್ಷನ್ನು ಡಬ್ಬಕ್ಕೆ ಹಾಕಿದರು.

"ನಿಮ್ಮ ಆ ಡಬ್ಬಿಯಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿ ಅಂದ್ರಿ?"

"ತೊಂಬತ್ತು."

"ಎರಡೂ ಬದಿ ಐದೈದು ಬಿಟ್ರೆ ಎಂಬತ್ತು. ಚುಕ್ಕಿ ಅರ್ಧ ಆಗ್ತದಾ?"

"ಇಲ್ಲ. ಅರ್ಧ ಬಂದ್ರೆ ಪೂರ್ತಿ ಚುಕ್ಕಿ ಮಬ್ಬಾಗ್ತದೆ, ಬೂದಿ ಬಣ್ಣ."

"ಹಂಗಾದ್ರೆ ಅದು ಚೌಕಳಿ. ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ? ನೀವು ಸಣ್ಣದು, ಸಣ್ಣದು ಅಂತ ಹೇಳಿದ್ರಿ. ಚೌಕಳಿ ಅಂತ ಯಾರೂ ಹೇಳ್ಲಿಲ್ಲ." ನಿಜಕ್ಕೂ ಸಿಟ್ಟು ಬಂದಿತ್ತು ಅವರಿಗೆ, ಅಷ್ಟೂ ದಿನದ ಸಿಟ್ಟು. "ಒಂದು ಚೌಕಳಿ ಹಾಳೆ ಕೊಡಿ."

ನನ್ನ ಚೀಲದಲ್ಲಿ ಇದ್ದದ್ದು ದೀಕ್ಷಿತಾಳ ಲೆಕ್ಕದ ಚೌಕಳಿ ಪುಸ್ತಕ. ಅವಳು ಕೊಡಲೊಲ್ಲೆ ಎಂದು ಮುಖ ಊದಿಸಿದಳು. ಇನ್ನೂ ಎರಡು ನಾನ್‌ಖಟಾಯಿಗೆ ವ್ಯವಹಾರ ಮುಗಿಯಿತು. ನಡುವಿನ ಹಾಳೆಗಳನ್ನು ಬಿಡಿಸಿ, ಅಂಟಿಸಿ, ಎಂಬತ್ತು ಚೌಕದ ಅಗಲ ಮಾಡಿದೆವು.

ಮೊದಲು ನಾನು ಎಣಿಸಿ ತೋರಿಸಿದೆ. ಅವರ ಮೊದಲ ಬರಹದಲ್ಲಿ ಒಂದು ಒತ್ತಿಗೆ ಸಿಕ್ಕಿದ್ದು ನಾಲ್ಕೇ ಚೌಕದ ಎತ್ತರ. ಗೆರೆ ಒಂದು ಚೌಕಕ್ಕಿಂತ ಸಪೂರ ಆದರೆ ಮಬ್ಬು. ಎರಡು ಚೌಕ ದಪ್ಪ ಇದ್ದರೆ ನಿಲ್ಲುತ್ತದೆ. ಒಳಗಿನ ಖಾಲಿಗೂ ಅಷ್ಟಾದರೂ ಬೇಕು, ಇಲ್ಲವಾದರೆ ತುಂಬಿಹೋಗುತ್ತದೆ.

"ಮೇಲಿನ ಗೆರೆ ಎರಡು, ಕೆಳಗಿನ ಗೆರೆ ಎರಡು" ಎಂದು ಸಾಬರು ಪೆನ್ಸಿಲ್ ಹಿಡಿದರು. "ನಡುವೆ ಗಾಳಿಗೆ ಮೂರು ಕೊಡುವ. ಒತ್ತಿಗೆ ಏಳು ಚೌಕ. ಏಳು ಚೌಕ ಅಂದ್ರೆ ಅದು ಒತ್ತಲ್ಲ ಪರಿಮಳಕ್ಕ, ಅದು ಇನ್ನೊಂದು ಅಕ್ಷರ."

ಕಷ್ಟ ಶುರುವಾದದ್ದು ಅಲ್ಲಿಂದ. ಒತ್ತು ಏಳು ಚೌಕ ಇಳಿದರೆ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. 'ದೊಡ್ಡಪ್ಪನ' ಕೆಳಗೆ 'ಕಟ್ಟಿಗೆ' ನಡುವಿಗೆ ಇಟ್ಟರೆ, ಟ್ಟಿಯ ಗುಡಿಸು ಸರಿಯಾಗಿ ಡಕಾರದ ಒತ್ತಿಗೇ ಹೋಗಿ ಗುದ್ದುತ್ತಿತ್ತು. ಸಾಲುಗಳ ನಡುವೆ ಜಾಗ ಬಿಟ್ಟರೆ ಮೂರು ಸಾಲು ಅರ್ಧ ಪುಟ ಮೀರಿ, ಅಕ್ಷರವೇ ಕುಗ್ಗಬೇಕು. ಅವರು ಬರೆದರು, ಒರೆಸಿದರು, ಹಾಳೆ ತೂತಾಯಿತು. "ಈ ಗಣಪ ಎಂತಕ್ಕೆ ಮೂರು ಒತ್ತು ಇಟ್ಟ? ದೊಡ್ಡಪ್ಪನ ಬದ್ಲಿ ಮಾವನ ಡಿಪೋ ಅಂದಿದ್ರೆ ಇವನ ಗಂಟು ಏನು ಹೋಗ್ತಿತ್ತು?" ಎಂದು ಬೈದರು. ಚಾಂದ್ ಬಿ ಚಹಾ ತಂದಿಟ್ಟು, ಅದು ಆರಿ, ಅದನ್ನು ಒಯ್ದು ಬಿಸಿ ಮಾಡಿ, ಇನ್ನೊಮ್ಮೆ ಆರಿತು. ದೀಕ್ಷಿತಾ ನನ್ನ ತೊಡೆಯ ಮೇಲೆ ಮಲಗಿಬಿಟ್ಟಳು. ಮನೆಯಲ್ಲಿ ಅಕ್ಕಿ ನೆನೆಹಾಕಿ ಬಂದಿದ್ದೆ, ರುಬ್ಬಬೇಕಿತ್ತು. ಸಾಕು ಸಾಬ್ರೆ, ಬಿಡಿ ಎಂದು ಬಾಯಿಗೆ ಬಂದಿತ್ತು.

ಕೊನೆಗೆ ಅವರು ಎರಡನೇ ಸಾಲನ್ನು ಎಡ ಅಂಚಿಗೆ ತಳ್ಳಿದರು. ಮೊದಲ ಸಾಲಿನ ದೊ ಕೆಳಗೆ ಒತ್ತಿಲ್ಲವಲ್ಲ, ಆ ಖಾಲಿಯೊಳಗೆ ಟ್ಟಿಯ ಗುಡಿಸು ತಲೆ ಎತ್ತಿತು. ಗೆಯ ಮೇಲಿನ ಕೊಂಡಿ ಎರಡು ಒತ್ತುಗಳ ನಡುವಿನ ಸಂದಿಗೆ ಹೋಯಿತು. 'ಡಿಪೋ' ಬಲ ಅಂಚಿಗೆ ಸರಿದು, ಟ್ಟಿಯ ಒತ್ತಿಗೆ ಎಡಗಡೆ ಜಾಗ ಬಿಟ್ಟುಕೊಟ್ಟಿತು. ಮೂರು ಸಾಲೂ ಹಲ್ಲಿಗೆ ಹಲ್ಲು ಕೂತಂತೆ ಕೂತವು, ಒಂದೂ ಒಂದಕ್ಕೆ ತಾಗದೆ.

ಅವರು ಪೆನ್ಸಿಲ್ ಇಟ್ಟು ನೋಡಿದರು. ಮುಖದಲ್ಲಿ ಖುಷಿ ಇರಲಿಲ್ಲ.

"ನೆರಳು?" ಎಂದರು.

"ಇಲ್ಲ."

"ಅಂಚು? ಸಪೂರದ್ದು ಒಂದು?"

"ಕೆಂಪು ಹರಡ್ತದೆ ಸಾಬ್ರೆ."

"ಮಿಂಚು ಇಲ್ಲ, ಬಳ್ಳಿ ಇಲ್ಲ." ತಲೆ ಆಡಿಸಿದರು. "ಸರಿ. ಕಪ್ಪಿಗೆ ಹತ್ತಿರದ ಕಂದು, ಅದರ ಮೇಲೆ ಬೆಣ್ಣೆ ಬಿಳಿ. ಎರಡೇ ಬಣ್ಣ. ಮುಗೀತು."

ಗುರುವಾರ ಮಧ್ಯಾಹ್ನ ಅದನ್ನು ದೊಡ್ಡ ಹಾಳೆಯ ಮೇಲೆ ಬ್ರಷ್ಷಿನಲ್ಲಿ ಬರೆದು ತಂದರು. ಚೌಕಳಿಯ ಲೆಕ್ಕ ಒಳಗಿದ್ದರೂ ಗೆರೆ ಕೈಯದೇ ಆಗಿತ್ತು, ಪಕಾರದ ಹೊಟ್ಟೆ ತುಸು ವಾಲಿದ್ದು ನೋಡಿದರೆ ಗೊತ್ತಾಗುತ್ತಿತ್ತು. ಸ್ಕ್ಯಾನ್ ಮಾಡಿ ತೊಂಬತ್ತು ಚುಕ್ಕಿಗೆ ಇಳಿಸಿದೆ. ನನಗೆ ಓದಲು ಬಂತು. ಆದರೆ ವೀರಪ್ಪನವರ ಮಾತು ತಲೆಯಲ್ಲಿತ್ತು, ನಮಗೆಲ್ಲ ಹೆಸರು ಗೊತ್ತೇ ಇದೆಯಲ್ಲ. ಸಾಬರು ಈ ಸಲ ರಸ್ತೆ ದಾಟಲಿಲ್ಲ. ಅಂಚೆಚೀಟಿಯಷ್ಟೇ ಗಾತ್ರಕ್ಕೆ ಅದನ್ನು ಪ್ರಿಂಟು ತೆಗೆಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು. ಒಂದು ಗಂಟೆ ಬಿಟ್ಟು ಬಂದರು.

"ಐದು ಜನಕ್ಕೆ ತೋರಿಸ್ದೆ. ನಾಲ್ಕು ಜನ ಓದಿದ್ರು. ಐದನೆಯವಳು ಯಲ್ಲಾಪುರದ ಮುದುಕಿ, 'ಕನ್ನಡಕ ಮನೇಲೈತೆ, ಈ ಬಸ್ಸು ಮಂಚಿಕೇರಿಗೆ ಹೋಗ್ತದಾ' ಅಂತ ಕೇಳಿದ್ಲು."

ವೀರಪ್ಪನವರು ಹೊಟ್ಟೆ ಹಿಡಿದು ನಕ್ಕರು. "ಮತ್ತ ಟಿಕೀಟ್ ಹರದು ಕೊಡಬೇಕಿತ್ತಲ್ರೀ ಸಾಬ್ರ!"

ಸಂಜೆ ಕಳಿಸಿದೆ, ಬೆಳಿಗ್ಗೆ ಸ್ಫೂರ್ತಿಯ ಫೋನು ಬಂತು. "ಓದೋಕೆ ಬರುತ್ತೆ ಮೇಡಂ, ಹಾಕ್ತೀವಿ" ಎಂದಳು. ಅಷ್ಟೇ. ಚಂದವಿದೆ ಅನ್ನಲಿಲ್ಲ. ಹತ್ತು ದಿನದ ಒದ್ದಾಟಕ್ಕೆ ಎರಡು ಮಾತು.

ಆ ದಿನವೇ ಗಣಪಣ್ಣ ಉಮ್ಮಚಗಿಯಿಂದ ಮೊದಲ ಬಸ್ಸಿಗೆ ಬಂದರು. ಹೊಸ ರಕ್ಷಾಪುಟದ ಪ್ರಿಂಟನ್ನು ಕೈಯಲ್ಲಿ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದರು. ನೂರ್ ಸಾಬರು ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದರು.

"ಬಸ್ಸಿನ ಬೋರ್ಡು ಆಗೋತಲಾ ನೂರ" ಎಂದರು ಗಣಪಣ್ಣ.

"ಹೌದು."

"ನಾಟಾ ದಿಮ್ಮಿ ಪೇರಿಸಿದಂಗೆ ಆಜು. ಒಂದು ಎಡಕ್ಕೆ, ಒಂದು ಬಲಕ್ಕೆ. ಡಿಪೋದಲ್ಲಿ ಹಿಂಗೆ ಪೇರಿಸಿದ್ರೆ ರೇಂಜರು ಬೈತಿದ್ದ."

"ಓದ್ಲಿಕ್ಕೆ ಬರ್ತದಲ್ಲ."

"ಬತ್ತು, ಬತ್ತು. ಅದು ಬತ್ತು." ಗಣಪಣ್ಣ ಪ್ರಿಂಟನ್ನು ಮೇಜಿನ ಮೇಲೆ ಇಟ್ಟರು. ಅವರಿಗೆ ಬೇಜಾರಾಗಿತ್ತು. "ಆ ಮೊದಲಿಂದು ಇತ್ತಲ, ಅದ್ರ ಚಂದ..." ಎಂದು ಶುರು ಮಾಡಿ, ಸಾಬರ ಮುಖ ನೋಡಿ, "ಚಹಾ ಕುಡಿಯನ ಬಾ" ಎಂದು ಎದ್ದರು. ಸಾಬರು ಏಳಲಿಲ್ಲ. ಗಣಪಣ್ಣ ಒಬ್ಬರೇ ಹೋದರು.

ನಾನು ಹುಬ್ಬಳ್ಳಿಗೆ ಕಳಿಸುವ ಸಿ.ಡಿ. ಬರೆಯುತ್ತಿದ್ದೆ. ಒಳಗಿನ ಪುಟಗಳೆಲ್ಲ ಅಚ್ಚಾಗಿ ಕಟ್ಟು ಕಟ್ಟಿ ಇಟ್ಟಾಗಿತ್ತು. ಮೊದಲ ಹದಿನಾರು ಪುಟದ ಫಾರಂ ಮಾತ್ರ, ಗಣಪಣ್ಣನ ಗುರುಗಳ ಮುನ್ನುಡಿ ಬರದೆ, ಇನ್ನೂ ನಿಂತಿತ್ತು. ಆ ಮುನ್ನುಡಿಯನ್ನು ಗಣಪಣ್ಣ ಆಗಷ್ಟೇ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಮಧ್ಯಾಹ್ನದೊಳಗೆ ಅದನ್ನು ಟೈಪು ಮಾಡಿ ಪ್ಲೇಟಿಗೆ ಕೊಡಬೇಕು. ನನಗೂ ಸಾಕಾಗಿತ್ತು. ಎಲ್ಲರೂ ಕೇಳಿದ್ದನ್ನು ಮಾಡಿ, ಯಾರಿಗೂ ಸಮಾಧಾನವಾಗದಿದ್ದರೆ ನಾನು ಏನು ಮಾಡಲಿ?

ಸಾಬರು ಸ್ಟೂಲು ಎಳೆದುಕೊಂಡು ಮೇಜಿನ ಹತ್ತಿರ ಬಂದರು. ನನ್ನ ಡ್ರಾಯರಿನ ಕಡೆ ಕಣ್ಣು ಹಾಕಿದರು. ಅದರಲ್ಲಿ ಅವರ ಒಂಬತ್ತು ದಿನದ ಮೊದಲ ಬರಹ ಇತ್ತು, ಮೇಲೆ ಧೂಳು ಕೂರಬಾರದೆಂದು ನಾನು ಬಟರ್ ಪೇಪರ್ ಹಾಕಿಟ್ಟಿದ್ದು.

"ಪರಿಮಳಕ್ಕ, ಪುಸ್ತಕದ ಒಳಗೆ ಮೊದಲ ಹಾಳೆಯಲ್ಲೂ ಹೆಸರು ಇರ್ತದಲ್ವಾ?"

"ಇರ್ತದೆ. ಕಪ್ಪು ಬಿಳುಪು. ಅಲ್ಲಿ ಸಾದಾ ಅಕ್ಷರ ಹಾಕಿದೀನಿ."

"ಅದು ಇಂಟರ್ನೆಟ್ಟಿಗೆ ಹೋಗ್ತದಾ?"

"ಇಲ್ಲ."

"ಅದನ್ನ ಯಾರೂ ಸಣ್ಣ ಮಾಡೋದಿಲ್ಲ?"

"ಇಲ್ಲ ಸಾಬ್ರೆ."

ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಡ್ರಾಯರಿನಿಂದ ಆ ಹಾಳೆಯನ್ನು ತಾವೇ ತೆಗೆದು, ಬಟರ್ ಪೇಪರ್ ಬಿಡಿಸಿ, ಮುನ್ನುಡಿಯ ಪಕ್ಕದಲ್ಲಿ ಇಟ್ಟರು. ಪಕಾರದ ಒತ್ತು 'ಕಟ್ಟಿಗೆ'ಯ ಗುಡಿಸಿಗೆ ಇನ್ನೂ ಸುತ್ತಿಕೊಂಡೇ ಇತ್ತು.

"ಹಂಗಾದ್ರೆ ಅಲ್ಲಿ ಇದನ್ನ ಹಾಕಿಕೊಡಿ. ಕಪ್ಪು ಬಿಳುಪಾದ್ರೂ ಅಡ್ಡಿಲ್ಲ, ನೆರಳು ಉಳಿತದೆ. ಗಣಪನಿಗೆ ಹೇಳ್ಬೇಡಿ, ಪುಸ್ತಕ ತೆಗೆದು ಅವನೇ ನೋಡ್ಲಿ."